ಮಕ್ಕಳೇ ಕಂಬವಾಗುವ ಬಾರ್ ಗ್ರಾಫ್: ತರಗತಿ ಸರ್ವೆಯಿಂದ ನೋಟ್‌ಬುಕ್‌ವರೆಗೆ

ಒಂಬತ್ತು ವರ್ಷದ ಮಕ್ಕಳಿಗೆ ಬಾರ್ ಗ್ರಾಫ್ ಬಿಡಿಸುವುದು ಕಷ್ಟದ ಕೆಲಸವೇನಲ್ಲ. ಸ್ಕೇಲು, ಬಣ್ಣದ ಪೆನ್ಸಿಲು ಕೊಟ್ಟರೆ ನೀಟಾಗಿ ಗೆರೆ ಎಳೆದು, ಬಣ್ಣ ತುಂಬಿ ತಂದು ತೋರಿಸುತ್ತಾರೆ. ಆದರೆ "ಈ ಕಂಬದ ಒಳಗೆ ಏನಿದೆ?" ಅಂತ ಕೇಳಿ ನೋಡಿ. "ಏಳು" ಅನ್ನುತ್ತಾರೆ. ಏಳು ಏನು? ಅಲ್ಲಿಗೆ ಮಾತು ನಿಂತುಹೋಗುತ್ತದೆ. ಕಂಬ ಅವರಿಗೆ ಒಂದು ಚಿತ್ರ ಅಷ್ಟೇ. ಅದರೊಳಗೆ ಏಳು ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ ಅನ್ನುವುದು ಕಾಣುವುದಿಲ್ಲ.

ಅದಕ್ಕೇ ಈ ಆಟ. ಮಕ್ಕಳು ತಮ್ಮ ತರಗತಿಯಲ್ಲೇ ಒಂದು ಸರ್ವೆ ಮಾಡುತ್ತಾರೆ. ಆಮೇಲೆ ನೆಲದ ಮೇಲೆ ಬರೆದ ಚೌಕಗಳಲ್ಲಿ ನಿಂತು ತಾವೇ ಗ್ರಾಫ್ ಆಗುತ್ತಾರೆ. ಕೊನೆಗೆ ಅದನ್ನು ಕಾಗದಕ್ಕೆ ಇಳಿಸುತ್ತಾರೆ. ಮೂರು ದಿನ, ದಿನಕ್ಕೊಂದು ಪೀರಿಯಡ್ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಮುಗಿಸಲು ಹೋದರೆ ನಿಂತು ಕೇಕೆ ಹಾಕಿದ್ದಷ್ಟೇ ಉಳಿಯುತ್ತದೆ, ಲೆಕ್ಕ ಉಳಿಯುವುದಿಲ್ಲ.

ಇಲ್ಲಿ 28 ಮಕ್ಕಳ ಒಂದು ತರಗತಿಯನ್ನು ಉದಾಹರಣೆಗೆ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಹೋಗೋಣ.

ಮೊದಲು, ಕೇಳಬೇಕಾದ ಪ್ರಶ್ನೆ

ಅರ್ಧ ಕೆಲಸ ಇಲ್ಲೇ ಇದೆ. ಸಾಮಾನ್ಯವಾಗಿ ಎಲ್ಲರೂ "ನಿಮಗಿಷ್ಟವಾದ ಬಣ್ಣ ಯಾವುದು?" ಅಂತ ಕೇಳಿಬಿಡುತ್ತಾರೆ. ತಪ್ಪೇನಿಲ್ಲ. ಆದರೆ ಉತ್ತರ ಗೊತ್ತಾದ ಮೇಲೆ ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನೀಲಿ ಗೆದ್ದರೆ ಏನಾಯಿತು? ಮಕ್ಕಳಿಗೂ ಅದು ಗೊತ್ತು. ಅದರ ಬದಲು, ಉತ್ತರ ಬಂದ ಮೇಲೆ ನಿಜವಾಗಿ ಏನಾದರೂ ನಡೆಯುವಂಥ ಪ್ರಶ್ನೆ ಕೇಳಿ. ನಮ್ಮ ಉದಾಹರಣೆಯ ಪ್ರಶ್ನೆ ಇದು: "ತರಗತಿಯ ಓದುವ ಮೂಲೆಗೆ ಮೊದಲು ಯಾವ ಬಗೆಯ ಪುಸ್ತಕ ತರೋಣ?"

ಮನೆಯ ಸ್ಥಿತಿಗತಿ ಬಯಲಾಗುವ ಪ್ರಶ್ನೆ ಬೇಡವೇ ಬೇಡ. ಯಾರ ಮನೆಯಲ್ಲಿ ಎಷ್ಟು ಫೋನ್ ಇದೆ, ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬಂಥವು. ಕಾಗದದ ಮೇಲೆ ಇದ್ದರೆ ಅದು ಬರೀ ಸಂಖ್ಯೆ. ಇಲ್ಲಿ ಮಗು ಎಲ್ಲರ ಎದುರು ಆ ಸಾಲಿನಲ್ಲಿ ನಿಲ್ಲಬೇಕು. ಒಂಟಿಯಾಗಿ ನಿಲ್ಲಬೇಕಾಗಿ ಬಂದರೂ ಮಗುವಿಗೆ ನಾಚಿಕೆಯಾಗಬಾರದು. ಪ್ರಶ್ನೆ ಆರಿಸುವಾಗ ಇದನ್ನು ನೆನಪಿಡಿ. ತೂಕ, ಎತ್ತರ, ಪರೀಕ್ಷೆಯ ಅಂಕ ಇವೂ ಇದೇ ಪಟ್ಟಿಗೆ ಸೇರುತ್ತವೆ.

ಇನ್ನು ಆಯ್ಕೆಗಳು. ನಾಲ್ಕೋ ಐದೋ ಇದ್ದರೆ ಸಾಕು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಆಯ್ಕೆಗಳನ್ನು ಮಕ್ಕಳಿಂದಲೇ ತೆಗೆಸಿ. ಹತ್ತು ಹದಿನೈದು ಬರುತ್ತವೆ. ಅವನ್ನು ಗುಂಪು ಮಾಡುವುದೇ ಒಂದು ಪಾಠ. ನಮ್ಮ ತರಗತಿಯಲ್ಲಿ ಕೊನೆಗೆ ಐದು ಉಳಿದವು ಅಂದುಕೊಳ್ಳಿ: ಚಿತ್ರಕಥೆ, ಪತ್ತೇದಾರಿ ಕಥೆ, ಪ್ರಾಣಿಗಳ ಕಥೆ, ವಿಜ್ಞಾನ ಪ್ರಯೋಗ, ಪದ್ಯ.

ಈಗ ಯಾರಾದರೂ ಕೈ ಎತ್ತೇ ಎತ್ತುತ್ತಾರೆ. "ಮಿಸ್, ಪತ್ತೇದಾರಿ ಚಿತ್ರಕಥೆ ಇದ್ದರೆ ಎಲ್ಲಿಗೆ ಸೇರಿಸೋದು?" ಈ ಪ್ರಶ್ನೆ ಬಂದರೆ ಖುಷಿಪಡಿ. ಬರದಿದ್ದರೆ ನೀವೇ ಎತ್ತಿ. ಒಂದೇ ಉತ್ತರ ಎರಡು ಕಡೆ ಹೋಗುವಂತಿದ್ದರೆ ಎಣಿಕೆ ಕೆಡುತ್ತದೆ. ಹಾಗಾಗಿ ಎಲ್ಲರೂ ಸೇರಿ ಒಂದು ನಿಯಮ ಮಾಡಿಕೊಳ್ಳಬೇಕು. ಉದಾಹರಣೆಗೆ, ಚೌಕಟ್ಟಿನೊಳಗೆ ಚಿತ್ರ ಇದ್ದು ಮಾತು ಗುಳ್ಳೆಯಲ್ಲಿ ಬರೆದಿದ್ದರೆ ಅದು ಚಿತ್ರಕಥೆ, ಒಳಗೆ ಕಳ್ಳನಿರಲಿ ಕರಡಿಯಿರಲಿ. ನಿಯಮವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಇನ್ನೊಂದು ನಿಯಮವೂ ಬೇಕು: ಒಬ್ಬರಿಗೆ ಒಂದೇ ಆಯ್ಕೆ. "ನನಗೆ ಎರಡೂ ಇಷ್ಟ" ಅನ್ನುವ ಮಗುವಿಗೆ "ಮೊದಲು ಬರುವ ಪುಸ್ತಕ ಯಾವುದಾಗಬೇಕು?" ಅಂತ ಕೇಳಿ. ಪ್ರಶ್ನೆಯಲ್ಲೇ "ಮೊದಲು" ಅಂತ ಇರುವುದು ಇದಕ್ಕೇ. ಈ ಒಂದು ಮಾತು ಎರಡನೇ ದಿನ ಮತ್ತೆ ಕೆಲಸಕ್ಕೆ ಬರುತ್ತದೆ.

ಚೀಟಿ ಬರೆಯದೆ ಯಾರೂ ಏಳಬಾರದು

ನೇರವಾಗಿ "ಚಿತ್ರಕಥೆ ಬೇಕಾದವರು ಇಲ್ಲಿ ನಿಲ್ಲಿ" ಅಂದರೆ ಏನಾಗುತ್ತದೆ? ಮಕ್ಕಳು ಮೊದಲು ಗೆಳೆಯರು ಎಲ್ಲಿದ್ದಾರೆ ಅಂತ ನೋಡುತ್ತಾರೆ. ಒಬ್ಬಳು ಹೋದ ಕಡೆ ಮೂವರು ಹೋಗುತ್ತಾರೆ. ನಿಮ್ಮ ಗ್ರಾಫ್ ಪುಸ್ತಕದ ಗ್ರಾಫ್ ಆಗದೆ ಗೆಳೆತನದ ಗ್ರಾಫ್ ಆಗುತ್ತದೆ.

ಎ4 ಹಾಳೆಯನ್ನು ನಾಲ್ಕು ಮಾಡಿ ಒಬ್ಬೊಬ್ಬರಿಗೆ ಒಂದು ತುಂಡು ಕೊಡಿ. ಅಕ್ಕಪಕ್ಕ ನೋಡದೆ ತಮ್ಮ ಆಯ್ಕೆಯನ್ನು ಅದರ ಮೇಲೆ ದೊಡ್ಡದಾಗಿ ಬರೆಯಲಿ. ಹಿಂದೆ ಹೆಸರು ಬರೆಯಲಿ. ಮಡಿಸಿ ಡಬ್ಬಕ್ಕೆ ಹಾಕಲಿ. ಬರೆದ ಮೇಲೆ ಬದಲಾಯಿಸುವಂತಿಲ್ಲ. ಎಲ್ಲರೂ ಹಾಕಿದ ಮೇಲೆ ಬೋರ್ಡಿನ ಮೇಲೆ "ಒಟ್ಟು ಚೀಟಿ: 28" ಅಂತ ಬರೆಯಿರಿ. ಮುಂದೆ ಎಲ್ಲ ಕಡೆ ಈ 28 ನಮ್ಮ ಕಾವಲುಗಾರ. ಎಲ್ಲಿ ಕೂಡಿದರೂ 28 ಬರಬೇಕು.

ಈಗ ಎಣಿಕೆ. ಮೂವರು ಮಕ್ಕಳು ಮುಂದೆ ಬರಲಿ. ಒಬ್ಬರು ಚೀಟಿ ಬಿಚ್ಚಿ ಓದುವುದು, ಒಬ್ಬರು ಬೋರ್ಡಿನ ಮೇಲೆ ಗೀಟು ಹಾಕುವುದು, ಒಬ್ಬರು ಓದಿದ ಚೀಟಿಯನ್ನು ಆಯಾ ಗುಂಪಿಗೆ ಇಡುವುದು. ಉಳಿದವರು ತಮ್ಮ ನೋಟ್‌ಬುಕ್ಕಿನಲ್ಲೂ ಗೀಟು ಹಾಕಲಿ, ಇಲ್ಲದಿದ್ದರೆ ಗಲಾಟೆ ಶುರುವಾಗುತ್ತದೆ.

ಗೀಟು ಹಾಕುವಾಗ ಒಂದು ತಪ್ಪು ಬಹಳ ಸಾಮಾನ್ಯ. ನಾಲ್ಕು ಗೀಟು ನೇರವಾಗಿ, ಐದನೆಯದು ಅವುಗಳ ಮೇಲೆ ಅಡ್ಡ. ಇದು ಸರಿ. ಆದರೆ ಕೆಲವು ಮಕ್ಕಳು ಐದು ಗೀಟು ನೇರವಾಗಿ ಹಾಕಿ ಆಮೇಲೆ ಅಡ್ಡ ಎಳೆಯುತ್ತಾರೆ. ಅವರ ಲೆಕ್ಕದಲ್ಲಿ ಅಡ್ಡಗೆರೆ ಅಂದರೆ ಕಟ್ಟು ಕಟ್ಟುವ ಹಗ್ಗ, ಅದು ಎಣಿಕೆಗೆ ಸೇರುವುದಿಲ್ಲ. ಇನ್ನು ಕೆಲವರು ಆರನೇ ಚೀಟಿಗೆ ಅಡ್ಡಗೆರೆ ಹಾಕಿ, ಎಣಿಸುವಾಗ ಮಾತ್ರ ಐದು ಅನ್ನುತ್ತಾರೆ. ಇದು ಪತ್ತೆಯಾಗುವುದು ಒಟ್ಟು ಕೂಡಿದಾಗಲೇ. 28 ಇರಬೇಕಾದ ಕಡೆ 26 ಬಂದರೆ ನೀವು ತಪ್ಪು ತೋರಿಸಬೇಡಿ. "ಇಬ್ಬರು ಕಾಣೆಯಾಗಿದ್ದಾರೆ, ಹುಡುಕಿ" ಅನ್ನಿ. ಚೀಟಿ ಗುಂಪುಗಳು ಅಲ್ಲೇ ಇರುತ್ತವಲ್ಲ, ಒಂದೊಂದು ಗುಂಪನ್ನೂ ಗೀಟಿನ ಜೊತೆ ಹೋಲಿಸಿ ಅವರೇ ಪತ್ತೆ ಮಾಡುತ್ತಾರೆ.

ನಮ್ಮ ತರಗತಿಯ ಲೆಕ್ಕ ಹೀಗೆ ಬಂತು:

ಚಿತ್ರಕಥೆ: 10
ಪತ್ತೇದಾರಿ ಕಥೆ: 7
ಪ್ರಾಣಿಗಳ ಕಥೆ: 6
ವಿಜ್ಞಾನ ಪ್ರಯೋಗ: 5
ಪದ್ಯ: 0

ಕೂಡಿದರೆ 28. ಪದ್ಯಕ್ಕೆ ಯಾರೂ ಬಂದಿಲ್ಲ. "ಹಾಗಾದರೆ ಪದ್ಯವನ್ನು ಅಳಿಸಿಬಿಡೋಣ್ವಾ?" ಅಂತ ಕೇಳಿ. ಬಹಳಷ್ಟು ಮಕ್ಕಳು ಹೂಂ ಅನ್ನುತ್ತಾರೆ. ಅಳಿಸಬೇಡಿ. ಅಳಿಸಿದರೆ ನೋಡುವವರಿಗೆ ಪದ್ಯವನ್ನು ಯಾರೂ ಆರಿಸಲಿಲ್ಲವೋ ಅಥವಾ ಪದ್ಯದ ಬಗ್ಗೆ ನಾವು ಕೇಳಲೇ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಸೊನ್ನೆಯೂ ಒಂದು ಉತ್ತರ. ನೆಲದ ಮೇಲೂ ಅದಕ್ಕೊಂದು ಖಾಲಿ ಸಾಲು ಇರಬೇಕು.

ಮೊದಲ ದಿನ ಇಲ್ಲಿಗೆ ಸಾಕು. ಚೀಟಿಗಳನ್ನು ಜೋಪಾನ ಮಾಡಿ.

ನೆಲದ ತಯಾರಿ

ಬೇಕಾದದ್ದು ಸೀಮೆಸುಣ್ಣ, ಒಂದು ಉದ್ದದ ಹಗ್ಗ, 40 ಸೆಂಟಿಮೀಟರ್ ಉದ್ದಗಲದ ಒಂದು ರಟ್ಟಿನ ಚೌಕ. ಈ ವಯಸ್ಸಿನ ಮಗು ಆರಾಮಾಗಿ ನಿಲ್ಲಲು 40 ಸೆಂಟಿಮೀಟರ್ ಸಾಕು. 30ಕ್ಕೆ ಇಳಿಸಿದರೆ ತಳ್ಳಾಟ ಶುರುವಾಗುತ್ತದೆ. ಐದು ಸಾಲು, ಸಾಲುಗಳ ನಡುವೆ ಒಂದೊಂದು ಚೌಕದಷ್ಟೇ ಜಾಗ ಬಿಟ್ಟರೆ ಅಗಲ 3.6 ಮೀಟರ್. ಸಾಲಿಗೆ 12 ಚೌಕದಂತೆ ಉದ್ದ 4.8 ಮೀಟರ್. ಹೆಸರು ಬರೆಯಲು, ಸುತ್ತ ನಿಂತು ನೋಡಲು ಇನ್ನೊಂದಿಷ್ಟು ಜಾಗ ಇರಲಿ. ತರಗತಿಯ ಬೆಂಚುಗಳನ್ನು ಸರಿಸಿದರೂ ಸಾಕಾಗಬಹುದು, ವರಾಂಡವೋ ಮೈದಾನವೋ ಇದ್ದರೆ ಒಳ್ಳೆಯದು.

ಆದರೆ ಚೌಕಗಳನ್ನು ಮೊದಲೇ ಬರೆದಿಡಬೇಡಿ. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳಿ. ಚೌಕ ಯಾಕೆ ಬೇಕು ಅಂತ ಮಕ್ಕಳಿಗೆ ಅನ್ನಿಸುವ ಮೊದಲೇ ಕೊಟ್ಟರೆ ಅದು ಮಿಸ್ ಹಾಕಿದ ಗೆರೆ ಆಗುತ್ತದೆ ಅಷ್ಟೇ.

ಮೊದಲು ಕೆಟ್ಟ ಗ್ರಾಫ್

ಎರಡನೇ ದಿನ ಚೀಟಿಗಳನ್ನು ಅವರವರಿಗೆ ವಾಪಸ್ ಕೊಡಿ. ಖಾಲಿ ನೆಲದ ಮೇಲೆ ಐದು ಹೆಸರು ಬರೆದು, "ನಿಮ್ಮ ಚೀಟಿಯಲ್ಲಿ ಏನಿದೆಯೋ ಆ ಹೆಸರಿನ ಹಿಂದೆ ಸಾಲಾಗಿ ನಿಲ್ಲಿ" ಅನ್ನಿ. ಬೇರೇನೂ ಹೇಳಬೇಡಿ.

ಚಿತ್ರಕಥೆಯ ಹತ್ತು ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುತ್ತಾರೆ. ವಿಜ್ಞಾನದ ಐದು ಮಕ್ಕಳು ಆರಾಮಾಗಿ ದೂರ ದೂರ ನಿಲ್ಲುತ್ತಾರೆ. ಒಂದು ಸಾಲು ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ತಾನಾಗೇ ಹೀಗಾಗದಿದ್ದರೆ ವಿಜ್ಞಾನದವರಿಗೆ "ಕೈ ಚಾಚಿದಷ್ಟು ದೂರ ನಿಲ್ಲಿ" ಅಂತ ನೀವೇ ಮೆಲ್ಲಗೆ ಹೇಳಿ. ಈಗ ಇಬ್ಬರು ಮೂವರನ್ನು ಹೊರಗೆ ಕರೆದು, ಎಣಿಸದೆ ಬರೀ ಸಾಲಿನ ಉದ್ದ ನೋಡಿ "ಯಾವುದು ಜಾಸ್ತಿ?" ಅಂತ ಕೇಳಿ. ವಿಜ್ಞಾನವೂ ಚಿತ್ರಕಥೆಯೂ ಹೆಚ್ಚೂಕಡಿಮೆ ಸಮ ಅನ್ನುತ್ತಾರೆ. ಆಮೇಲೆ ಎಣಿಸಿದರೆ 5 ಮತ್ತು 10!

"ಉದ್ದ ನೋಡಿದರೆ ಸುಳ್ಳು ಹೇಳ್ತಿದೆ. ನಿಜ ಹೇಳಿಸಬೇಕಾದರೆ ಏನು ಮಾಡಬೇಕು?" ಅಂತ ಅವರನ್ನೇ ಕೇಳಿ. ಎರಡು ಉತ್ತರ ಬರಬೇಕು. ಎಲ್ಲ ಸಾಲೂ ಒಂದೇ ಗೆರೆಯಿಂದ ಶುರುವಾಗಬೇಕು. ಎಲ್ಲರಿಗೂ ಒಂದೇ ಅಳತೆಯ ಜಾಗ ಸಿಗಬೇಕು. ಸ್ವಲ್ಪ ಕಾದರೆ ಎರಡೂ ಬರುತ್ತವೆ, ಅವಸರ ಮಾಡಬೇಡಿ. ಮೊದಲನೆಯದು ಬೇಗ ಬರುತ್ತದೆ, ಓಟದ ಪಂದ್ಯದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡುವುದು ಅವರಿಗೆ ಗೊತ್ತೇ ಇದೆ. ಎರಡನೆಯದಕ್ಕೆ ಸ್ವಲ್ಪ ತಡ. "ಹತ್ತಿರ ಹತ್ತಿರ ನಿಲ್ಲಬೇಕು" ಅಂತ ಯಾರೋ ಅನ್ನುತ್ತಾರೆ. "ಎಷ್ಟು ಹತ್ತಿರ?" ಅಂತ ಕೇಳಿ. ಅಲ್ಲಿಂದ ರಟ್ಟಿನ ಚೌಕಕ್ಕೆ ಬರುವುದು ಸುಲಭ.

ಚೌಕ ಬರೆದು ನಿಲ್ಲುವುದು

ಹಗ್ಗ ಎಳೆದು ಹಿಡಿದು ಬುಡದ ಗೆರೆ ಹಾಕಿ. ಅದರ ಕೆಳಗೆ ಐದು ಹೆಸರು. ರಟ್ಟನ್ನು ಇಟ್ಟು ಅದರ ಸುತ್ತ ಗೆರೆ ಎಳೆಯುತ್ತಾ ಒಂದರ ಮೇಲೊಂದು ಚೌಕ ಬರೆಯಲಿ. ಐದು ಗುಂಪಿಗೂ ಒಂದೊಂದು ರಟ್ಟು ಕೊಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ರಟ್ಟುಗಳೆಲ್ಲ ಒಂದೇ ಅಳತೆಯವೇ ಅಂತ ಮೊದಲೇ ನೋಡಿಕೊಳ್ಳಿ. ಮಳೆಗಾಲವಾಗಿದ್ದು ನೆಲ ಒದ್ದೆಯಿದ್ದರೆ ಒಳಗಡೆ ಹಳೇ ಪೇಪರ್ ಹಾಳೆಗಳನ್ನು ಒಂದೇ ಅಳತೆಗೆ ಮಡಿಸಿ ಹಾಸಿದರೂ ಆಗುತ್ತದೆ, ಜಾರದಂತೆ ಅಂಟುಪಟ್ಟಿ ಹಾಕಿ.

ಬದಿಯಲ್ಲಿ ಸಂಖ್ಯೆ ಬರೆಯುವಾಗ ಎಚ್ಚರ. ಮಕ್ಕಳು 1 ಅನ್ನು ಮೊದಲ ಚೌಕದ ನಡುವೆ ಬರೆಯುತ್ತಾರೆ, ಇಲ್ಲವೇ ಬುಡದ ಗೆರೆಯ ಮೇಲೇ 1 ಬರೆದುಬಿಡುತ್ತಾರೆ. ಬುಡದ ಗೆರೆ 0. ಮೊದಲ ಚೌಕ ಮುಗಿಯುವ ಗೆರೆ 1. ಎರಡನೆಯದು ಮುಗಿಯುವ ಗೆರೆ 2. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ನಡೆಸಿ ತೋರಿಸಿ. ಒಬ್ಬಳು ಬುಡದ ಗೆರೆಯ ಮೇಲೆ ನಿಲ್ಲಲಿ. "ಎಷ್ಟು ಚೌಕ ದಾಟಿದ್ದೀಯ?" "ಒಂದೂ ಇಲ್ಲ." "ಹಾಗಾದರೆ ಇಲ್ಲಿ ಎಷ್ಟು?" "ಸೊನ್ನೆ." ಒಂದು ಚೌಕ ದಾಟಿ ಗೆರೆಯ ಮೇಲೆ ನಿಂತರೆ ಒಂದು. ಇಲ್ಲಿ ಸರಿಯಾದರೆ ಮೂರನೇ ದಿನ ನೋಟ್‌ಬುಕ್ಕಿನಲ್ಲಿ ಅರ್ಧ ತಲೆನೋವು ಕಡಿಮೆ.

ಈಗ ಮಕ್ಕಳು ಚೀಟಿ ಹಿಡಿದು ಚೌಕಕ್ಕೊಬ್ಬರಂತೆ ಬುಡದಿಂದ ತುಂಬುತ್ತಾ ಬರಲಿ. ನಡುವೆ ಚೌಕ ಖಾಲಿ ಬಿಡುವಂತಿಲ್ಲ. ಅವತ್ತು ಒಬ್ಬ ಹುಡುಗ ಬಂದಿಲ್ಲ ಅನ್ನಿ. ಅವನ ಚೀಟಿ ನಿಮ್ಮ ಹತ್ತಿರ ಇದೆಯಲ್ಲ. ಅವನ ಚೌಕದಲ್ಲಿ ಚೀಟಿಯನ್ನೇ ಇಡಿ. ಹುಡುಗ ಬಂದಿಲ್ಲ, ಅವನ ಉತ್ತರ ಬಂದಿದೆ. ಹೆಚ್ಚು ಹೊತ್ತು ನಿಲ್ಲಲಾಗದ ಮಗು ಇದ್ದರೆ ಚೌಕದಲ್ಲಿ ಕುರ್ಚಿ ಹಾಕಿ.

ಎಲ್ಲರೂ ನಿಂತರು. ಗದ್ದಲ, ನಗು. ಆದರೆ ಒಂದು ಸಮಸ್ಯೆ ಇದೆ: ಗ್ರಾಫ್ ಆಗಿರುವವರಿಗೆ ಗ್ರಾಫ್ ಕಾಣುವುದಿಲ್ಲ! ಚಿತ್ರಕಥೆ ಸಾಲಿನ ನಾಲ್ಕನೆಯವನಿಗೆ ಕಾಣುವುದು ಮೂರನೆಯವನ ಬೆನ್ನು ಮಾತ್ರ. ಬಹಳ ಕಡೆ ಆಟ ಇಲ್ಲೇ ಮುಗಿಯುತ್ತದೆ, ಒಂದು ಫೋಟೋ ತೆಗೆದು ಎಲ್ಲರೂ ಒಳಗೆ ಹೋಗುತ್ತಾರೆ. ನಿಜವಾದ ಕೆಲಸ ಈಗ ಶುರುವಾಗಬೇಕು.

"ನಿಮ್ಮ ಚೀಟಿಯನ್ನು ಕಾಲ ಬಳಿ ಇಟ್ಟು, ಗೆರೆ ಅಳಿಸದ ಹಾಗೆ ಮೆಲ್ಲಗೆ ಹೊರಗೆ ಬನ್ನಿ." ಗಾಳಿ ಇದ್ದರೆ ಚೀಟಿಯ ಮೇಲೊಂದು ಕಲ್ಲು. ಮಕ್ಕಳು ಹೊರಬಂದು ಬುಡದ ಗೆರೆಯ ಕಡೆ ನಿಂತು ನೋಡಿದಾಗ ಮೊದಲ ಸಲ ಇಡೀ ಗ್ರಾಫ್ ಕಾಣುತ್ತದೆ. ಪ್ರತಿಯೊಬ್ಬರೂ ತಮ್ಮ ಚೌಕ ಬೆರಳು ಮಾಡಿ ತೋರಿಸುತ್ತಾರೆ, "ನಾನಲ್ಲಿ!" ಅಂತ. ಮಗು ಚೀಟಿಯಾಯಿತು. ಚೀಟಿ ನಾಳೆ ನೋಟ್‌ಬುಕ್ಕಿನ ಒಂದು ಚೌಕವಾಗುತ್ತದೆ. ಈ ಮೂರು ಹೆಜ್ಜೆಯಲ್ಲಿ ನಡುವಿನದನ್ನು ಬಿಟ್ಟರೆ ಮೈದಾನದ ಆಟಕ್ಕೂ ಕಾಗದದ ಕಂಬಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಗ್ರಾಫ್ ಒಳಗೆ ಆಡುವ ಆಟಗಳು

ಎಲ್ಲವನ್ನೂ ಒಂದೇ ದಿನ ಆಡಿಸಬೇಡಿ. ಮೊದಲನೆಯದನ್ನು ಮಾತ್ರ ತಪ್ಪಿಸಬೇಡಿ.

*ಕೈ ಹಿಡಿಯುವ ಆಟ.* "ಚಿತ್ರಕಥೆಗೆ ಪತ್ತೇದಾರಿಗಿಂತ ಎಷ್ಟು ಜನ ಜಾಸ್ತಿ?" ಅಂತ ಕೇಳಿದರೆ ಈ ವಯಸ್ಸಿನ ಅನೇಕ ಮಕ್ಕಳು "ಹತ್ತು" ಅನ್ನುತ್ತಾರೆ. ಅವರು ಪ್ರಶ್ನೆಯನ್ನು "ಯಾವುದು ಜಾಸ್ತಿ, ಅದು ಎಷ್ಟು?" ಅಂತ ಕೇಳಿಸಿಕೊಂಡಿರುತ್ತಾರೆ. "ಕಳೆಯಬೇಕು" ಅಂತ ಹೇಳಿಕೊಟ್ಟರೆ ಅವತ್ತಿಗೆ ಸರಿಯಾಗುತ್ತದೆ, ಮುಂದಿನ ವಾರ ಮತ್ತೆ ಹತ್ತು. ಅದರ ಬದಲು ಎರಡೂ ಸಾಲಿನವರನ್ನು ಚೌಕಗಳಲ್ಲಿ ನಿಲ್ಲಿಸಿ. ಬುಡದಿಂದ ಶುರು ಮಾಡಿ, ಪಕ್ಕದ ಸಾಲಿನಲ್ಲಿ ತಮ್ಮ ನೇರಕ್ಕೆ ಇರುವವರ ಕೈ ಹಿಡಿಯಲಿ. ಏಳು ಜೋಡಿ ಆಗುತ್ತವೆ. ಮೇಲೆ ಮೂವರು ಜೋಡಿಯಿಲ್ಲದೆ ಉಳಿಯುತ್ತಾರೆ. "ಕೈ ಸಿಗದವರು ಎಷ್ಟು ಜನ?" ಮೂವರು. "ಅದೇ ಜಾಸ್ತಿ ಇರುವುದು." ಆಮೇಲೆ ಬೇಕಾದರೆ 10 - 7 = 3 ಅಂತ ಬರೆಯಿರಿ. ಮುಂದೆ ಕಾಗದದ ಮೇಲೆ ತಡವರಿಸಿದಾಗ "ಯಾರಿಗೆ ಕೈ ಸಿಗಲಿಲ್ಲ?" ಅಂತ ಕೇಳಿದರೆ ಸಾಕು.

*ಸಾಲು ಅದಲುಬದಲು.* ಚಿತ್ರಕಥೆಯವರು, ವಿಜ್ಞಾನದವರು ನೆಲದ ಮೇಲಿನ ತಮ್ಮ ಸಾಲಿನ ಹೆಸರನ್ನೂ ಅಳಿಸಿ ಬರೆದು ಜಾಗ ಬದಲಾಯಿಸಲಿ. ಗ್ರಾಫ್ ತಪ್ಪಾಯಿತೇ? ಇಲ್ಲ. ಪುಸ್ತಕದ ಬಗೆಗಳಿಗೆ ಹಿಂದೆ ಮುಂದೆ ಅಂತ ಇಲ್ಲ, ಹೇಗೆ ಬೇಕಾದರೂ ಜೋಡಿಸಬಹುದು. ಜಾಸ್ತಿಯಿಂದ ಕಡಿಮೆಗೆ ಜೋಡಿಸಿದರೆ ಓದಲು ಸುಲಭ, ಅಷ್ಟೇ. ಆದರೆ ಪ್ರಶ್ನೆ "ಈ ವಾರ ಎಷ್ಟು ಪುಸ್ತಕ ಓದಿದಿರಿ?" ಅಂತಿದ್ದರೆ? ಆಗ ಸಾಲುಗಳು 0, 1, 2, 3 ಹೀಗೇ ಇರಬೇಕು, ಬದಲಾಯಿಸುವಂತಿಲ್ಲ. ಕಂಬಗಳ ತುದಿಗೆ ಗೆರೆ ಎಳೆದು ಜೋಡಿಸಲು ಹೊರಡುವ ಮಕ್ಕಳಿಗೂ ಇದೇ ಉತ್ತರ. ಚಿತ್ರಕಥೆಗೂ ಪತ್ತೇದಾರಿಗೂ ನಡುವೆ ಏನೂ ಇಲ್ಲ, ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಅಂದಹಾಗೆ, ಬಾರ್ ಗ್ರಾಫ್ ಹುಟ್ಟಿದ್ದೂ ಸುಮಾರು ಹೀಗೆಯೇ. 1786ರಲ್ಲಿ ಅರ್ಥಶಾಸ್ತ್ರದ ಲೇಖಕ ವಿಲಿಯಂ ಪ್ಲೇಫೇರ್ ದೇಶಗಳ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಸಾಗುವ ಗೆರೆಗಳಲ್ಲಿ ಬರೆಯುತ್ತಿದ್ದರು. ಸ್ಕಾಟ್ಲೆಂಡಿನದು ಮಾತ್ರ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಗೆರೆ ಎಳೆಯುವ ಹಾಗಿರಲಿಲ್ಲ, ಪಟ್ಟಿಗಳನ್ನು ಬರೆದರು.

*ಹೆಸರು ಮುಚ್ಚುವ ಆಟ.* ನೆಲದ ಮೇಲಿನ ಹೆಸರುಗಳನ್ನು ಮುಚ್ಚಿ, ಚೀಟಿಗಳನ್ನು ಮಗುಚಿ ಹಾಕಿ, ಬೇರೆ ತರಗತಿಯ ಒಬ್ಬರನ್ನು ಕರೆದು "ಇದು ಏನು ಹೇಳುತ್ತಿದೆ?" ಅಂತ ಕೇಳಿ. ಅವರು ಕಣ್ಣು ಕಣ್ಣು ಬಿಡುತ್ತಾರೆ. ಗ್ರಾಫಿಗೆ ಶೀರ್ಷಿಕೆ, ಸಾಲುಗಳಿಗೆ ಹೆಸರು ಯಾಕೆ ಬೇಕು ಅಂತ ಇನ್ನು ನೀವು ವಿವರಿಸಬೇಕಾಗಿಲ್ಲ.

*ಹೌದು, ಅಲ್ಲ, ಹೇಳಲಾಗದು.* ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನೀವು ಒಂದು ಮಾತು ಹೇಳುತ್ತೀರಿ. ಸರಿಯಾದರೆ ಮಕ್ಕಳು ಕೈ ಎತ್ತಬೇಕು. ತಪ್ಪಾದರೆ ಕುಳಿತುಕೊಳ್ಳಬೇಕು. ಈ ಗ್ರಾಫಿನಿಂದ ಹೇಳಲು ಆಗುವುದಿಲ್ಲ ಅನ್ನಿಸಿದರೆ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಸುಲಭದಿಂದ ಶುರು ಮಾಡಿ.

"ಪ್ರಾಣಿಗಳ ಕಥೆ ಆರಿಸಿದವರು 6 ಜನ." ಹೌದು.

"ಪ್ರಾಣಿಗಳ ಕಥೆ, ವಿಜ್ಞಾನ ಪ್ರಯೋಗ ಎರಡೂ ಸೇರಿದರೆ ಚಿತ್ರಕಥೆಗಿಂತ ಜಾಸ್ತಿ." ಹೌದು, 11 ಮತ್ತು 10.

"ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಚಿತ್ರಕಥೆ ಆರಿಸಿದ್ದಾರೆ." ಇಲ್ಲಿ ಹಲವರು ಬೀಳುತ್ತಾರೆ. ಎಲ್ಲಕ್ಕಿಂತ ಉದ್ದದ ಸಾಲು ಅದೇ ಅಲ್ವಾ, ಅದಕ್ಕೇ ಅದು ಅರ್ಧಕ್ಕಿಂತ ಜಾಸ್ತಿ ಅಂತ ಕಾಣುತ್ತದೆ. 28ರಲ್ಲಿ ಅರ್ಧ 14. ಉಳಿದವರೆಲ್ಲ ಒಟ್ಟಿಗೆ ನಿಂತರೆ 18 ಜನ.

"ನಮ್ಮ ತರಗತಿಯಲ್ಲಿ ಯಾರಿಗೂ ಪದ್ಯ ಇಷ್ಟವಿಲ್ಲ." ಖಾಲಿ ಸಾಲು ನೋಡಿ ಎಲ್ಲರೂ ಕೈ ಎತ್ತುತ್ತಾರೆ. ತಡೆದು ನಿಲ್ಲಿಸಿ. ನಾವು ಕೇಳಿದ್ದೇನು? ಮೊದಲು ಯಾವುದು ತರೋಣ ಅಂತ. ಪದ್ಯ ಎಲ್ಲರಿಗೂ ಎರಡನೇ ಆಯ್ಕೆ ಆಗಿರಬಹುದು! ತಲೆಯ ಮೇಲೆ ಕೈ ಇಡಬೇಕಾದ ಮಾತು ಇದು. "ಪಕ್ಕದ ತರಗತಿಯವರೂ ಚಿತ್ರಕಥೆಯನ್ನೇ ಆರಿಸುತ್ತಾರೆ" ಅನ್ನುವುದೂ ಹಾಗೆಯೇ, ಅವರನ್ನು ನಾವು ಕೇಳಿಯೇ ಇಲ್ಲ.

ಗ್ರಾಫ್ ಓದುವುದನ್ನು ಗಣಿತ ಶಿಕ್ಷಣದ ಸಂಶೋಧಕಿ ಫ್ರಾನ್ಸಿಸ್ ಕರ್ಸಿಯೊ 1987ರಲ್ಲಿ ಮೂರು ಮೆಟ್ಟಿಲು ಮಾಡಿ ತೋರಿಸಿದ್ದರು. ಕಾಣುವುದನ್ನು ಓದುವುದು, ಎರಡು ಸಾಲುಗಳ ನಡುವಿನ ಸಂಬಂಧ ಓದುವುದು, ಗ್ರಾಫನ್ನು ದಾಟಿ ಯೋಚಿಸುವುದು. ಮೇಲಿನ ಮಾತುಗಳನ್ನು ಆ ಕ್ರಮದಲ್ಲೇ ಜೋಡಿಸಿದೆ. ನೀವು ಹೊಸದಾಗಿ ಮಾಡಿಕೊಳ್ಳುವಾಗ ಮೂರೂ ಬಗೆಯವು ಇರುವಂತೆ ನೋಡಿಕೊಳ್ಳಿ. ಮೊದಲನೇ ಬಗೆಯವೇ ಜಾಸ್ತಿಯಾಗುವುದು ನಮ್ಮೆಲ್ಲರ ಅಭ್ಯಾಸ.

ಕಾಗದಕ್ಕೆ ಇಳಿಸುವುದು

ಮೂರನೇ ದಿನ ಚೌಕದ ಗಣಿತ ನೋಟ್‌ಬುಕ್ ತೆಗೆಸಿ. ಒಂದು ಚೌಕ ಅಂದರೆ ಒಂದು ಮಗು. ಬುಡದ ಗೆರೆ, ಬದಿಯ ಗೆರೆ ಎಳೆದು, ಸಂಖ್ಯೆಗಳನ್ನು ಗೆರೆಗಳ ನೇರಕ್ಕೆ ಬರೆಯಲಿ. ಮೊದಲು ಕಂಬವನ್ನು ಒಂದೇ ಸಲಕ್ಕೆ ಬಳಿಯಲು ಬಿಡಬೇಡಿ. ಒಂದೊಂದೇ ಚೌಕಕ್ಕೆ ಬಣ್ಣ ಹಾಕುತ್ತಾ ಹೋಗಲಿ, ತಾನು ನಿಂತಿದ್ದ ಚೌಕದಲ್ಲಿ ಒಂದು ಚುಕ್ಕೆ ಇಡಲಿ. ಅದಾದ ಮೇಲೆ ಪಕ್ಕದ ಪುಟದಲ್ಲಿ ಅದೇ ಲೆಕ್ಕಕ್ಕೆ ನಡುವೆ ಗೆರೆಯಿಲ್ಲದ ಗಟ್ಟಿ ಕಂಬ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಗಟ್ಟಿ ಕಂಬದ ಒಳಗೂ ಮಕ್ಕಳಿದ್ದಾರೆ ಅನ್ನುವುದು ಉಳಿಯುತ್ತದೆ.

ಕಂಬಗಳ ಅಗಲ ಒಂದೇ ಇದೆಯೇ, ನಡುವಿನ ಜಾಗ ಒಂದೇ ಇದೆಯೇ, ಪದ್ಯಕ್ಕೆ ಖಾಲಿ ಜಾಗ ಬಿಟ್ಟಿದ್ದಾರೆಯೇ ನೋಡಿ. ಕೆಲವರು ತಮಗಿಷ್ಟವಾದ ಕಂಬವನ್ನು ಎರಡು ಚೌಕ ಅಗಲ ಮಾಡುತ್ತಾರೆ, ಚೆಂದ ಕಾಣಲಿ ಅಂತ. ಅವರಿಗೆ "ಇದರಲ್ಲಿ ಈಗ ಎಷ್ಟು ಚೌಕ ಇದೆ?" ಅಂತ ಕೇಳಿ. ಐವರ ಜಾಗದಲ್ಲಿ ಹತ್ತು ಚೌಕ ಆಗಿರುತ್ತದೆ. ಎಣಿಸಿದ ಕೂಡಲೇ ರಬ್ಬರ್ ಹುಡುಕುತ್ತಾರೆ.

ಒಂದು ಚೌಕಕ್ಕೆ ಇಬ್ಬರು

ಇದನ್ನು ಒಂದು ವಾರ ಬಿಟ್ಟು ಮಾಡಿ. ಕಾರಣ ಸರಳ: ಒಂದು ಚೌಕ ಒಂದು ಮಗು ಅನ್ನುವುದು ಗಟ್ಟಿಯಾಗುವ ಮೊದಲೇ ಅಳತೆ ಬದಲಾಯಿಸಿದರೆ ಎರಡೂ ಕಲಸಿಹೋಗುತ್ತವೆ.

ನೆಲದ ಮೇಲೆ ಸಾಲಿಗೆ ಆರೇ ಚೌಕ ಬರೆಯಿರಿ. ಚಿತ್ರಕಥೆಯ ಹತ್ತು ಜನ ಹಿಡಿಸುವುದಿಲ್ಲ. ಏನು ಮಾಡೋಣ? "ಒಂದು ಚೌಕದಲ್ಲಿ ಇಬ್ಬರು ನಿಲ್ಲೋಣ" ಅಂತ ಅವರೇ ಹೇಳುತ್ತಾರೆ. ಸರಿ, ಆದರೆ ಎಲ್ಲ ಸಾಲಿಗೂ ಅದೇ ನಿಯಮ ಇರಬೇಕು. ಚಿತ್ರಕಥೆ 5 ಚೌಕ, ಪ್ರಾಣಿಗಳ ಕಥೆ 3. ಪತ್ತೇದಾರಿ 7 ಜನ, ಮೂರು ಚೌಕ ತುಂಬಿ ಒಬ್ಬಳು ಉಳಿಯುತ್ತಾಳೆ. ಅವಳು ನಾಲ್ಕನೇ ಚೌಕದ ಕೆಳಗಿನ ಅರ್ಧದಲ್ಲಿ ನಿಲ್ಲಬೇಕು. ವಿಜ್ಞಾನದಲ್ಲೂ ಹಾಗೇ, ಎರಡೂವರೆ ಚೌಕ. ಚೌಕದ ನಡುವೆ ಅಡ್ಡ ಗೆರೆ ಹಾಕಿದರೆ ಅರ್ಧ ಎಲ್ಲಿಗೆ ಬರುತ್ತದೆ ಅಂತ ಕಾಣುತ್ತದೆ. ಬದಿಯ ಸಂಖ್ಯೆಗಳು ಈಗ 0, 2, 4, 6 ಆಗುತ್ತವೆ. "1 ಚೌಕ = 2 ಮಕ್ಕಳು" ಅಂತ ಮೂಲೆಯಲ್ಲಿ ಬರೆಯದಿದ್ದರೆ ಓದುವವರು ಚಿತ್ರಕಥೆಗೆ ಐದೇ ಜನ ಅಂದುಕೊಳ್ಳುತ್ತಾರೆ.

ಕಾಗದದ ಮೇಲೆ ಎರಡು ತಪ್ಪುಗಳು ಬರುತ್ತವೆ. ಕೆಲವರು ಅರ್ಧವನ್ನು ತುಂಬಿಸಿ ಪತ್ತೇದಾರಿಗೆ 4 ಚೌಕ ಬಳಿಯುತ್ತಾರೆ. ಹಿಂದಕ್ಕೆ ಓದಿಸಿ, 4 ಚೌಕ ಅಂದರೆ 8 ಜನ, ಒಟ್ಟು 29 ಆಗುತ್ತದೆ. ನಮ್ಮ ಹಳೇ ಕಾವಲುಗಾರ ಇಲ್ಲೂ ಹಿಡಿಯುತ್ತಾನೆ. ಇನ್ನು ಕೆಲವರು ಮೂರೂವರೆ ಚೌಕ ಸರಿಯಾಗಿ ಬಳಿದು "ಮೂರೂವರೆ ಮಕ್ಕಳು" ಅನ್ನುತ್ತಾರೆ. ನಗಬೇಡಿ, ಇಬ್ಬರನ್ನು ಒಂದು ಚೌಕದಲ್ಲಿ ನಿಲ್ಲಿಸಿ ಒಬ್ಬರನ್ನು ಹೊರಗೆ ಕರೆಯಿರಿ. ಅರ್ಧ ಚೌಕದಲ್ಲಿ ಉಳಿದದ್ದು ಒಬ್ಬರು, ಅರ್ಧ ಜನ ಅಲ್ಲ.

ತರಗತಿ ದೊಡ್ಡದಿದ್ದರೆ

50 ಮಕ್ಕಳನ್ನು ಒಟ್ಟಿಗೆ ನಿಲ್ಲಿಸಲು ಹೋಗಬೇಡಿ. 25 ಜನ ಗ್ರಾಫ್ ಆಗಲಿ, 25 ಜನ ಸುತ್ತ ನಿಂತು ಓದಲಿ, ಆಮೇಲೆ ಅದಲುಬದಲು. ಎರಡು ಅರ್ಧಗಳ ಗ್ರಾಫ್ ಒಂದೇ ಥರ ಬರುವುದಿಲ್ಲ, ಯಾಕೆ ಅಂತ ಮಾತಾಡಲು ಅದೇ ಒಳ್ಳೆಯ ನೆಪ. 12ಕ್ಕಿಂತ ಕಡಿಮೆ ಮಕ್ಕಳಿದ್ದರೆ ಆಯ್ಕೆಗಳನ್ನು ಮೂರಕ್ಕೆ ಇಳಿಸಿ, ಇಲ್ಲದಿದ್ದರೆ ಸಾಲಿಗೆ ಇಬ್ಬರು ಮೂವರಾಗಿ ಹೋಲಿಸಲು ಏನೂ ಸಿಗುವುದಿಲ್ಲ.

ಅರ್ಥವಾಗಿದೆಯೇ ಅಂತ ನೋಡುವುದು

ಅದೇ ಪುಸ್ತಕದ ಲೆಕ್ಕ ಕೊಟ್ಟು ಪರೀಕ್ಷಿಸಬೇಡಿ, ಅದು ಅವರಿಗೆ ಬಾಯಿಪಾಠ ಆಗಿರುತ್ತದೆ. ಹೊಸದೊಂದು ಬಾರ್ ಗ್ರಾಫ್ ಕೊಡಿ. ಬಿಡುವಿನಲ್ಲಿ ಆಡುವ ಆಟಗಳು ಅಂತಿಟ್ಟುಕೊಳ್ಳಿ: ಓಟ 8, ಚೆಂಡು 5, ಹಗ್ಗದಾಟ 9, ಕೂತು ಆಡುವ ಆಟ 2. ಒಂದು ಚೌಕ ಒಂದು ಮಗು. ಮೂರು ಪ್ರಶ್ನೆ ಸಾಕು. ಒಂದು, ಒಟ್ಟು ಎಷ್ಟು ಮಕ್ಕಳನ್ನು ಕೇಳಿದ್ದಾರೆ? ಎರಡು, ಹಗ್ಗದಾಟಕ್ಕೆ ಚೆಂಡಿಗಿಂತ ಎಷ್ಟು ಜನ ಜಾಸ್ತಿ? ಮೂರು, ಈ ಗ್ರಾಫ್ ನೋಡಿ ಹೇಳಲು ಆಗದ ಒಂದು ಮಾತು ಬರೆ.

ಮೊದಲನೆಯದಕ್ಕೆ 24 ಬರಬೇಕು. "4" ಅಂತ ಬರೆದ ಮಗು ಕಂಬಗಳನ್ನು ಎಣಿಸಿದೆ, ಮಕ್ಕಳನ್ನಲ್ಲ. ಆ ಮಗುವಿನ ಜೊತೆ ಮತ್ತೆ ಚೀಟಿ ಇಡುವ ಹೆಜ್ಜೆಗೆ ಹೋಗಿ, ನೆಲದ ಮೇಲೆ ಬೇಡ, ಮೇಜಿನ ಮೇಲೆ ಚಿಕ್ಕ ಚೀಟಿಗಳಲ್ಲೇ ಆಗುತ್ತದೆ. ಎರಡನೆಯದಕ್ಕೆ 4 ಬರಬೇಕು. "9" ಬಂದರೆ ಕೈ ಹಿಡಿಯುವ ಆಟ ಇನ್ನೊಂದು ಸಲ ಬೇಕು, ಬೆರಳಲ್ಲಿ ಚೌಕಕ್ಕೆ ಚೌಕ ಜೋಡಿಸಿ ತೋರಿಸಿದರೂ ಸಾಕು. ಮೂರನೆಯದಕ್ಕೆ ಒಂದೇ ಸರಿಯುತ್ತರ ಇಲ್ಲ. "ಓಟದಲ್ಲಿ ಯಾರು ಗೆದ್ದರು" ಅಂತ ಬರೆದರೂ ಸರಿ, "ನಾಳೆ ಅವರು ಏನು ಆಡುತ್ತಾರೆ" ಅಂತ ಬರೆದರೂ ಸರಿ. ಖಾಲಿ ಬಿಟ್ಟವರನ್ನು ಕೂರಿಸಿಕೊಂಡು ತಲೆಯ ಮೇಲೆ ಕೈ ಇಡುವ ಆಟವನ್ನು ಈ ಗ್ರಾಫಿನ ಮೇಲೇ ಐದು ನಿಮಿಷ ಆಡಿಸಿ. ಈ ಸಲ ಮಾತು ಹೇಳುವವರು ಅವರಾಗಲಿ, ಕೈ ಎತ್ತುವುದು ನಿಮ್ಮ ಕೆಲಸ.